ಬರೆದಿಡದ ಆದೇಶ, ಬರೆಯಲಾಗದ ವರದಿ

ಮುಂಬೈಯ ಉಪನಗರದ ಕಾಲೇಜೊಂದರಲ್ಲಿ ಮಾಸ್ ಮೀಡಿಯಾ ಓದುವ ಪರಿಚಯದ ಹುಡುಗಿಯೊಬ್ಬಳು ಈಚೆಗೆ ತನ್ನ ಮಾಧ್ಯಮ ಕಾನೂನಿನ ಅಸೈನ್‌ಮೆಂಟ್ ಕಳಿಸಿದ್ದಳು. ಮನೆಮಾತು ಕನ್ನಡ, ಓದು ಇಂಗ್ಲಿಷಿನಲ್ಲಿ. ಅರ್ಥವಾಗದ ಕಡೆ ನನ್ನನ್ನು ಕೇಳುವುದು ಅವಳ ರೂಢಿ. ಪ್ರಶ್ನೆ ಮೂರು ಭಾಗದ್ದು: ಮಾನನಷ್ಟ ಎಂದರೇನು, ನ್ಯಾಯಾಂಗ ನಿಂದನೆ ಎಂದರೇನು, ಪತ್ರಿಕಾ ಸ್ವಾತಂತ್ರ್ಯದ ಮಿತಿಗಳು ಯಾವುವು. ತಲಾ ಐದು ಅಂಕ. ‘ಅಕ್ಕಾ, ಮೂರಕ್ಕೂ ಒಂದೊಂದು ಕೇಸ್ ಹೆಸರು ಹಾಕಿದ್ರೆ ಆಯ್ತಂತೆ’ ಎಂದಳು.

ಹಾಗೆ ಹಾಕಿದರೆ ಅಂಕ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓದಿಸುವುದರಿಂದ ಕಾನೂನು ಪತ್ರಿಕೆಯನ್ನು ನಿಜವಾಗಿ ಎಲ್ಲಿ ತಡೆಯುತ್ತದೆ ಎಂಬುದೇ ಮರೆಯಾಗುತ್ತದೆ ಎಂದು ನನ್ನ ವಾದ. ಮಾನನಷ್ಟಕ್ಕೆ ಪತ್ರಕರ್ತರು ಶಿಕ್ಷೆ ಅನುಭವಿಸುವುದು ಅಪರೂಪ. ಕಂಟೆಂಪ್ಟಿಗೆ ಜೈಲು ಸೇರುವುದು ಇನ್ನೂ ಅಪರೂಪ. ಹೆಚ್ಚಿನ ವರದಿಗಳು ನಿಲ್ಲುವುದು ಇವೆರಡರ ನಡುವೆ, ದಾವೆ ಇನ್ನೂ ನಡೆಯುತ್ತಿರುವಾಗ ಹೊರಬೀಳುವ ‘ಸದ್ಯಕ್ಕೆ ಪ್ರಕಟಿಸಬೇಡಿ’ ಎಂಬ ಆದೇಶದಿಂದ. ಇದನ್ನು ಕಲಿಸಲು ಮುಂಬೈ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಅವರದೇ ಊರಿನ ಹೈಕೋರ್ಟಿನಲ್ಲಿ, 1964ರಲ್ಲಿ, ಮೂರೂ ವಿಷಯಗಳು ಒಂದೇ ಕೋಣೆಯಲ್ಲಿ ಸೇರಿದ್ದವು.

ಮೊದಲು ಒಂದು ಶಬ್ದದ ತೊಡಕು. ಕನ್ನಡದಲ್ಲಿ ನಾವು ‘ನ್ಯಾಯಾಂಗ ನಿಂದನೆ’ ಎನ್ನುತ್ತೇವೆ. ನಿಂದನೆ ಎಂದರೆ ಬೈಗುಳ, ಹೀಯಾಳಿಕೆ. ಹಾಗಾಗಿ ಕನ್ನಡ ಓದುಗರ ಮನಸ್ಸಿಗೆ ಬರುವುದು ನ್ಯಾಯಾಧೀಶರನ್ನು ಬಯ್ದವನ ಚಿತ್ರ. ಕಂಟೆಂಪ್ಟ್ ಅದಕ್ಕಿಂತ ಅಗಲವಾದದ್ದು. 1971ರ ಕಾಯ್ದೆ ಅದನ್ನು ಎರಡಾಗಿ ಒಡೆಯುತ್ತದೆ. ನ್ಯಾಯಾಲಯದ ಆದೇಶವನ್ನು ಬೇಕೆಂದೇ ಮೀರುವುದು ಸಿವಿಲ್ ಕಂಟೆಂಪ್ಟ್. ನ್ಯಾಯಾಲಯದ ಹೆಸರು ಕೆಡಿಸುವುದು, ನಡೆಯುತ್ತಿರುವ ವಿಚಾರಣೆಗೆ ಧಕ್ಕೆ ತರುವುದು, ನ್ಯಾಯದ ಕೆಲಸಕ್ಕೆ ಅಡ್ಡಿ ಮಾಡುವುದು ಕ್ರಿಮಿನಲ್ ಕಂಟೆಂಪ್ಟ್. ಮರಾಠಿಯವರು ‘ಅವಮಾನ’ದ ಹತ್ತಿರದ ‘ಅವಮಾನ್’ ಎಂಬ ಪದ ಬಳಸುತ್ತಾರೆ. ಅದೂ ಪೂರ್ತಿ ಸಾಲದು. ಯಾರನ್ನೂ ನಿಂದಿಸದೆ, ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಮಾತನ್ನು ಅಕ್ಷರಶಃ ಸರಿಯಾಗಿ ಅಚ್ಚು ಹಾಕಿದರೂ ಕಂಟೆಂಪ್ಟ್ ಆಗಬಹುದು ಎಂಬುದನ್ನು ನಮ್ಮ ಪದ ಹೇಳುವುದೇ ಇಲ್ಲ. ಮುಂದಿನ ಕಥೆಯಲ್ಲಿ ಆದದ್ದು ಅದೇ.

ರೂಸಿ ಕರಂಜಿಯಾ ಅವರ ‘ಬ್ಲಿಟ್ಜ್’ 1941ರಲ್ಲಿ ಮುಂಬೈಯಲ್ಲಿ ಶುರುವಾದ ಇಂಗ್ಲಿಷ್ ವಾರಪತ್ರಿಕೆ. ಗಟ್ಟಿ ದನಿಯದು, ಹಗರಣ ಬಯಲು ಮಾಡುವುದಕ್ಕೆ ಹೆಸರಾದದ್ದು. 1960ರ ಸೆಪ್ಟೆಂಬರ್ 24ರ ಸಂಚಿಕೆಯಲ್ಲಿ ಅದು ಒಂದು ಲೇಖನ ಹಾಕಿತು. ಮುಂಧ್ರಾ ಹಗರಣಕ್ಕಿಂತ ಇದು ದೊಡ್ಡದು ಎಂಬುದು ತಲೆಬರಹದ ತಾತ್ಪರ್ಯ. ಮುಂಧ್ರಾ ಪ್ರಕರಣ ಆಗಿನ್ನೂ ಎಲ್ಲರ ನೆನಪಿನಲ್ಲಿತ್ತು. ಜೀವ ವಿಮಾ ನಿಗಮದ ಹಣದ ಆ ಪ್ರಕರಣದಲ್ಲಿ ಕೇಂದ್ರದ ಹಣಕಾಸು ಮಂತ್ರಿಯೇ ರಾಜೀನಾಮೆ ಕೊಟ್ಟಿದ್ದರು. ಅದಕ್ಕಿಂತ ದೊಡ್ಡದು ಎನ್ನುವುದು ಸಣ್ಣ ಮಾತಲ್ಲ. ಲೇಖನದ ಗುರಿ ಉದ್ಯಮಿ ಕೃಷ್ಣರಾಜ್ ಥಾಕರ್ಸಿ. ಸರಕಾರ ಕೊಟ್ಟ ಆಮದು ಪರವಾನಗಿಗಳನ್ನು ದುರುಪಯೋಗ ಮಾಡಿಕೊಂಡರು ಎಂಬುದು ಆರೋಪ. ಕೃತಕ ರೇಷ್ಮೆ ನೂಲಿನ ಕಾಳಸಂತೆ ವ್ಯವಹಾರ, ಚೈನಾ ಕಾಟನ್ ಎಕ್ಸ್‌ಪೋರ್ಟರ್ಸ್ ಎಂಬ ಸಂಸ್ಥೆ ಇವೆಲ್ಲ ಅದರ ಭಾಗ. ಥಾಕರ್ಸಿ ಬಾಂಬೆ ಹೈಕೋರ್ಟಿನಲ್ಲಿ ಮೂರು ಲಕ್ಷ ರೂಪಾಯಿ ಪರಿಹಾರ ಕೇಳಿ ಮಾನನಷ್ಟದ ದಾವೆ ಹೂಡಿದರು. ದಾವೆ ನ್ಯಾಯಮೂರ್ತಿ ವಿ. ಎಂ. ತಾರ್ಕುಂಡೆ ಅವರ ಮುಂದೆ ಬಂತು.

ಇಂಥ ದಾವೆಯಲ್ಲಿ ಪತ್ರಿಕೆಗೆ ಉಳಿಯುವ ದೊಡ್ಡ ಆಸರೆ ಸತ್ಯ. ಸಿವಿಲ್ ದಾವೆಯಲ್ಲಿ ಬರೆದದ್ದು ನಿಜ ಎಂದು ಸಾಬೀತಾದರೆ ಸಾಕು. ಕ್ರಿಮಿನಲ್ ದೂರಿನಲ್ಲಿ ಹಾಗಲ್ಲ. ಆಗಿನ ದಂಡ ಸಂಹಿತೆಯ 499ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 356, ಎರಡರಲ್ಲೂ ನಿಜವಾಗಿರುವುದರ ಜೊತೆಗೆ ಸಾರ್ವಜನಿಕ ಹಿತವೂ ಇರಬೇಕು. ಯಾವುದೇ ಆದರೂ ಸಾಬೀತು ಮಾಡುವ ಹೊರೆ ಬರೆದವರ ಮೇಲೆ. ಹಾಗಾಗಿ ಕರಂಜಿಯಾ ಕಡೆಯವರಿಗೆ ವ್ಯವಹಾರದ ಒಳಗಿದ್ದವರ ಬಾಯಿಂದಲೇ ವಿಷಯ ಹೊರಬರಬೇಕಿತ್ತು. ಅಂಥ ಒಬ್ಬ ಸಾಕ್ಷಿ ಭಾಯಿಚಂದ್ ಗೋಡಾ. ಆದಾಯ ತೆರಿಗೆ ಅಧಿಕಾರಿಗಳ ಮುಂದೆ ಅವರು ಹಿಂದೆ ಕೊಟ್ಟಿದ್ದ ಹೇಳಿಕೆ ಪತ್ರಿಕೆಯ ಪರವಾಗಿತ್ತು. ಸಾಕ್ಷಿಕಟ್ಟೆ ಹತ್ತಿದಾಗ ಮಾತ್ರ ಏನೂ ಗೊತ್ತಿಲ್ಲ ಎಂಬಂತೆ ನಡೆದುಕೊಂಡರು. ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಅವರನ್ನು ಕರೆಸಿದ ಕಡೆಯವರೇ ಪಾಟೀಸವಾಲು ಮಾಡಬೇಕಾಯಿತು. ಇನ್ನಷ್ಟು ದಾಖಲೆ ಸಿಕ್ಕ ಮೇಲೆ ಅವರನ್ನು ಮತ್ತೆ ಕರೆಸಲಾಯಿತು.

1964ರ ಅಕ್ಟೋಬರಿನಲ್ಲಿ, ಈ ಎರಡನೆಯ ಸಲ, ಗೋಡಾ ನ್ಯಾಯಾಧೀಶರಲ್ಲಿ ಒಂದು ಕೋರಿಕೆ ಇಟ್ಟರು. ಹಿಂದಿನ ಸಾಕ್ಷ್ಯ ಪತ್ರಿಕೆಗಳಲ್ಲಿ ಬಂದು ತನ್ನ ವ್ಯಾಪಾರಕ್ಕೆ ನಷ್ಟವಾಗಿದೆ, ಈ ಬಾರಿಯದು ಬರಬಾರದು ಎಂದು. ತಾರ್ಕುಂಡೆ ಎರಡೂ ಕಡೆಯ ವಾದ ಕೇಳಿ, ಗೋಡಾ ಅವರ ಸಾಕ್ಷ್ಯವನ್ನು ಪತ್ರಿಕೆಗಳು ಪ್ರಕಟಿಸಬಾರದು ಎಂದು ಬಾಯಿಮಾತಿನಲ್ಲಿ ಹೇಳಿದರು. ಕರಂಜಿಯಾ ಅವರ ವಕೀಲರು ಬರಹದಲ್ಲಿ ಕೊಡಿ ಎಂದು ಕೇಳಿದಾಗ, ಮೌಖಿಕ ಆದೇಶ ಸಾಕು, ಅದನ್ನು ಪಾಲಿಸುತ್ತಾರೆಂದು ನಿರೀಕ್ಷೆ ಎಂಬ ಉತ್ತರ ಬಂತು.

ಅಸೈನ್‌ಮೆಂಟಿನ ಮೂರು ಡಬ್ಬಿಗಳು ಇಲ್ಲಿ ಒಂದಾಗುತ್ತವೆ. ದಾವೆ ಮಾನನಷ್ಟದ್ದು. ಆದರೆ ಸಾಕ್ಷ್ಯ ವರದಿ ಮಾಡುವುದು ಮಾನನಷ್ಟವಲ್ಲ: ನ್ಯಾಯಾಲಯದ ಕಲಾಪದ ವರದಿ ಬಹುಮಟ್ಟಿಗೆ ನಿಜವಾಗಿದ್ದರೆ ಅದು ಮಾನನಷ್ಟವಾಗದು ಎಂದು 499ನೇ ಕಲಮಿನ ನಾಲ್ಕನೇ ವಿನಾಯಿತಿಯೇ ಹೇಳುತ್ತಿತ್ತು. ಆ ಬಾಗಿಲು ತೆರೆದೇ ಇತ್ತು. ಅದನ್ನು ಮುಚ್ಚಿದ್ದು ಆದೇಶ. ಆದೇಶದ ಹಿಂದೆ ನಿಂತದ್ದು ಕಂಟೆಂಪ್ಟಿನ ಬೆದರಿಕೆ. ಅದರ ಪರಿಣಾಮ ಬ್ಲಿಟ್ಜಿನ ಮೇಲೆ ಮಾತ್ರವಲ್ಲ, ದಾವೆಗೆ ಯಾವ ಸಂಬಂಧವೂ ಇಲ್ಲದೆ ಆ ಕೋಣೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ ಪ್ರತಿ ವರದಿಗಾರನ ಮೇಲೂ ಆಯಿತು. ಬಾಗಿಲು ತೆರೆದಿದ್ದ ಕೋರ್ಟಿನಲ್ಲಿ ಯಾರು ಬೇಕಾದರೂ ಕೂತು ಕೇಳಬಹುದಿತ್ತು, ಹೊರಬಂದು ಚಹಾದಂಗಡಿಯಲ್ಲಿ ಹೇಳಬಹುದಿತ್ತು. ಅಚ್ಚು ಹಾಕುವುದು ಮಾತ್ರ ನಿಷಿದ್ಧ.

ಬ್ಲಿಟ್ಜ್ ವರದಿಗಾರ ನರೇಶ್ ಶ್ರೀಧರ್ ಮಿರಜ್ಕರ್ ಹೈಕೋರ್ಟಿಗೇ ರಿಟ್ ಅರ್ಜಿ ಹಾಕಿದರು. ಇದು ಹೈಕೋರ್ಟಿನ ನ್ಯಾಯಿಕ ಆದೇಶ, ಇದರ ವಿರುದ್ಧ ಇದೇ ಹೈಕೋರ್ಟಿನಲ್ಲಿ ರಿಟ್ ನಿಲ್ಲದು ಎಂದು ನವೆಂಬರ್ 10ರಂದು ಅದು ವಜಾ ಆಯಿತು. ಅವರೂ ಬೇರೆ ಕೆಲವು ಪತ್ರಕರ್ತರೂ ಮೂಲಭೂತ ಹಕ್ಕಿನ ಹೆಸರಿನಲ್ಲಿ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂತಿತು. 1966ರ ಮಾರ್ಚ್ 3ರಂದು ತೀರ್ಪು ಬಂತು. ಎಂಟು ಮಂದಿ ಅರ್ಜಿಯನ್ನು ತಳ್ಳಿಹಾಕಿದರು, ಒಬ್ಬರು ಭಿನ್ನಮತ ಬರೆದರು.

ಬಹುಮತದ ಮುಖ್ಯ ತೀರ್ಪು ಮುಖ್ಯ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್ ಅವರದು. ಹೆಸರಿನಲ್ಲೇ ನಮ್ಮ ಗಜೇಂದ್ರಗಡವಿದೆ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಬಾಂಬೆ ಹೈಕೋರ್ಟಿನಲ್ಲೇ ನ್ಯಾಯಾಧೀಶರಾಗಿದ್ದವರು. ಅವರ ವಾದದ ಎಳೆ ಹೀಗಿದೆ. ವಿಚಾರಣೆ ಬಹಿರಂಗವಾಗಿರಬೇಕೆಂಬುದು ನಿಯಮ, ಅನುಮಾನವಿಲ್ಲ. ಆದರೆ ಆ ನಿಯಮ ಇರುವುದೇ ನ್ಯಾಯಕ್ಕಾಗಿ. ನ್ಯಾಯಕ್ಕೇ ತೊಂದರೆಯಾಗುವಂತಿದ್ದರೆ ವಿಚಾರಣೆಯನ್ನು ಒಳಕೋಣೆಯಲ್ಲಿ ನಡೆಸುವ ಅಂತರ್ಗತ ಅಧಿಕಾರ ಹೈಕೋರ್ಟಿಗಿದೆ. ಇಡೀ ಬಾಗಿಲು ಮುಚ್ಚಬಲ್ಲವರು ಒಂದು ಸಾಕ್ಷ್ಯದ ಪ್ರಕಟಣೆಯನ್ನು ತಡೆಯಬಲ್ಲರು. ಇನ್ನು 19ನೇ ವಿಧಿ: ನ್ಯಾಯಾಧೀಶರು ತಮ್ಮ ಮುಂದಿನ ದಾವೆಯ ಬಗ್ಗೆ ಕೊಡುವ ತೀರ್ಮಾನ ಪ್ರಜೆಯ ಮೂಲಭೂತ ಹಕ್ಕನ್ನು ಉಲ್ಲಂಘಿಸುವ ಕ್ರಿಯೆ ಅಲ್ಲ. ಆದೇಶ ತಪ್ಪಾಗಿದ್ದರೆ ಮೇಲ್ಮನವಿಯ ದಾರಿ ಇದೆ, ರಿಟ್ಟಿನದಲ್ಲ.

ಇದರಲ್ಲಿ ಒಂದು ಹೆಜ್ಜೆ ಭಾಷೆ ಓದಿದವರನ್ನು ತಡೆದು ನಿಲ್ಲಿಸುತ್ತದೆ. ತಾರ್ಕುಂಡೆ ಅವರ ಆದೇಶ ಶಾಶ್ವತವೋ, ತಾತ್ಕಾಲಿಕವೋ? ಶಾಶ್ವತವಾದರೆ ಅದನ್ನು ಸಮರ್ಥಿಸುವುದು ಕಷ್ಟ. ವಿಚಾರಣೆ ನಡೆಯುವಷ್ಟು ಕಾಲ ಮಾತ್ರ ಅದು ಅನ್ವಯ, ಆಮೇಲೆ ಅಲ್ಲ ಎಂದು ಬಹುಮತ ಅರ್ಥ ಮಾಡಿತು. ಆದರೆ ಆ ವಾಕ್ಯವನ್ನು ಯಾರೂ ಬರೆದಿಟ್ಟಿರಲಿಲ್ಲ. ‘ಇಂಥ ದಿನದವರೆಗೆ’ ಎಂಬ ಪದ ಎಲ್ಲೂ ಇರಲಿಲ್ಲ. ಅನುವಾದಕ್ಕೆ ಕೂತಾಗ ಮೂಲ ಪಠ್ಯ ನನ್ನ ಎದುರು ಇರುತ್ತದೆ. ಅದರಲ್ಲಿ ಕಾಲಸೂಚಕ ಇಲ್ಲದಿದ್ದರೆ ನಾನು ಸೇರಿಸುವಂತಿಲ್ಲ. ಇಲ್ಲಿ ಮೂಲ ಪಠ್ಯವೇ ಇಲ್ಲ. ಕೇಳಿದವರ ನೆನಪನ್ನು ಆಧರಿಸಿ, ಒಂದೂವರೆ ವರ್ಷದ ನಂತರ, ಅದಕ್ಕೆ ಸೌಮ್ಯವಾದ ಅರ್ಥವನ್ನು ಕೊಡಲಾಯಿತು. ಆ ಅರ್ಥದ ಮೇಲೆ ಅದು ಸಿಂಧು ಎಂದಾಯಿತು. ಆದರೆ 1964ರ ಆ ಸಂಜೆ ಸುದ್ದಿಮನೆಗೆ ವಾಪಸಾದ ವರದಿಗಾರನಿಗೆ ಈ ಸೌಮ್ಯ ಅರ್ಥ ಗೊತ್ತಿರಲು ಸಾಧ್ಯವಿತ್ತೆ? ಅವನ ಕಿವಿಗೆ ಬಿದ್ದದ್ದು ‘ಪ್ರಕಟಿಸಬಾರದು’ ಮಾತ್ರ.

ಭಿನ್ನಮತ ಬರೆದವರು ನ್ಯಾಯಮೂರ್ತಿ ಹಿದಾಯತುಲ್ಲಾ. ಆದೇಶಕ್ಕೆ ಕೊನೆಯ ದಿನವಿಲ್ಲ, ಹಾಗಾಗಿ ಅದು ಶಾಶ್ವತ ನಿಷೇಧದಂತೆಯೇ ಇದೆ ಎಂಬುದು ಅವರ ಓದು. ಸಾಕ್ಷಿಯ ವ್ಯಾಪಾರಕ್ಕೆ ತೊಂದರೆ ಎಂಬ ಕಾರಣಕ್ಕೆ ಬಹಿರಂಗ ವಿಚಾರಣೆಯ ಒಂದು ಭಾಗವನ್ನು ಅಳಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ, ಮತ್ತು ನ್ಯಾಯಾಲಯವೂ ಮೂಲಭೂತ ಹಕ್ಕಿಗೆ ಹೊರತಲ್ಲ ಎಂದು ಅವರು ವಾದಿಸಿದರು. ನನ್ನ ಮಟ್ಟಿಗೆ ಅವರು ಸರಿ. ಗೋಡಾ ಅವರ ಜೀವಕ್ಕೆ ಅಪಾಯವಿತ್ತೆಂದು ಯಾರೂ ಹೇಳಿರಲಿಲ್ಲ. ಪತ್ರಿಕೆ ಓದಿ ಮನಸ್ಸು ಬದಲಿಸುವ ಜ್ಯೂರಿ ಆ ದಾವೆಯಲ್ಲಿರಲಿಲ್ಲ. ತೀರ್ಮಾನ ಮಾಡಬೇಕಾದವರು ಸಾಕ್ಷ್ಯವನ್ನು ನೇರ ಕೇಳುತ್ತಿದ್ದ ನ್ಯಾಯಾಧೀಶರೇ. ನ್ಯಾಯಕ್ಕೆ ಆಗುವ ಧಕ್ಕೆ ಎಂದರೆ, ಪ್ರಕಟವಾದರೆ ಸಾಕ್ಷಿ ಬಾಯಿ ಬಿಡಲಾರ ಎಂಬುದೊಂದೇ. ಆದರೆ ಮಾತು ಅಚ್ಚಾಗುತ್ತದೆ ಎಂಬ ಅರಿವು ಸುಳ್ಳು ಹೇಳುವವನನ್ನೂ ತಡೆಯುತ್ತದೆ. ಬಹಿರಂಗ ವಿಚಾರಣೆಯ ಹಳೆಯ ಸಮರ್ಥನೆ ಅದೇ.

ಇಲ್ಲಿ ಖಳರನ್ನು ಹುಡುಕಿದರೆ ಪಾಠ ತಪ್ಪುತ್ತದೆ. ತಾರ್ಕುಂಡೆ ಪತ್ರಿಕೆಯ ಶತ್ರುವಲ್ಲ. ನ್ಯಾಯಾಧೀಶ ಹುದ್ದೆ ಬಿಟ್ಟ ಮೇಲೆ ಜಯಪ್ರಕಾಶ ನಾರಾಯಣರ ಜೊತೆ ಸೇರಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕಟ್ಟಿದವರು ಅವರು. ಅಂಥವರೇ ಒಬ್ಬ ಸಾಕ್ಷಿಯ ಮೇಲೆ ಕನಿಕರದಿಂದ, ಒಂದು ಮಧ್ಯಾಹ್ನ, ಬರಹವಿಲ್ಲದೆ, ಕೊನೆಯ ದಿನವಿಲ್ಲದೆ ಇಂಥ ಆದೇಶ ಕೊಟ್ಟರು. ಒಳ್ಳೆಯ ಉದ್ದೇಶದ ನ್ಯಾಯಾಧೀಶರಿಂದಲೂ ಇಂಥ ಆದೇಶ ಸುಲಭವಾಗಿ ಹೊರಬೀಳುತ್ತದೆ. ಆದ್ದರಿಂದಲೇ ಅದಕ್ಕೆ ಕಟ್ಟುಪಾಡು ಬೇಕು. ದಾವೆಯ ಕೊನೆ ಏನಾಯಿತು? ತಾರ್ಕುಂಡೆ ಬ್ಲಿಟ್ಜಿನ ವಿರುದ್ಧ ಮೂರು ಲಕ್ಷದ ಪರಿಹಾರ ವಿಧಿಸಿದರು, ಮೇಲ್ಮನವಿಯಲ್ಲಿ ಅದು ಒಂದೂವರೆ ಲಕ್ಷಕ್ಕೆ ಇಳಿಯಿತು. ಬ್ಲಿಟ್ಜ್ ಸೋತಿತು ಎಂಬ ಕಾರಣಕ್ಕೆ ಆದೇಶ ಸರಿ ಎಂದಾಗುವುದಿಲ್ಲ. ಗೆದ್ದಿದ್ದರೆ ತಪ್ಪು ಎಂದೂ ಆಗುತ್ತಿರಲಿಲ್ಲ. ಓದುಗನಿಗೆ ಎರಡೂ ಕಡೆಯ ಸಾಕ್ಷ್ಯ ಕಾಣಬೇಕಿತ್ತೇ ಎಂಬುದು ಬೇರೆ ಪ್ರಶ್ನೆ.

ಮಿರಜ್ಕರ್ ತೀರ್ಪು ಇನ್ನೂ ಜೀವಂತ. ಅದರ ಮೇಲೆ ಮುಂದೆ ಕಟ್ಟಿದ್ದು 2012ರ ಸಹಾರಾ ವಿರುದ್ಧ ಸೆಬಿ ತೀರ್ಪು. ಸಹಾರಾ ಕಂಪನಿ ಎದುರು ಕಕ್ಷಿಗೆ ಗೋಪ್ಯವಾಗಿ ಕೊಟ್ಟ ಪ್ರಸ್ತಾವ ಟಿವಿಯಲ್ಲಿ ಬಂತು ಎಂಬ ದೂರಿನಿಂದ ಶುರುವಾದದ್ದು ಅದು. ಕಂಟೆಂಪ್ಟ್ ಅಧಿಕಾರ ಆದ ತಪ್ಪಿಗೆ ಶಿಕ್ಷೆ ಕೊಡಲು ಮಾತ್ರವಲ್ಲ, ಆಗದಂತೆ ಮೊದಲೇ ತಡೆಯಲೂ ಇದೆ ಎಂದು ಐವರ ಪೀಠ ಹೇಳಿತು. ಜೊತೆಗೆ ಷರತ್ತು ಹಾಕಿತು: ವಿಚಾರಣೆಯ ನ್ಯಾಯಸಮ್ಮತತೆಗೆ ನಿಜವಾದ, ಗಣನೀಯ ಅಪಾಯವಿರಬೇಕು, ಬೇರೆ ಉಪಾಯ ಇರಬಾರದು, ತಡೆ ಅಲ್ಪಾವಧಿಯದಾಗಿರಬೇಕು, ಅದು ಮುಂದೂಡಿಕೆ, ನಿಷೇಧವಲ್ಲ, ಮಾಧ್ಯಮಕ್ಕೆ ಪ್ರಶ್ನಿಸುವ ಅವಕಾಶವಿರಬೇಕು. ಹಿದಾಯತುಲ್ಲಾ ಎತ್ತಿದ ಆತಂಕ 46 ವರ್ಷಗಳ ನಂತರ ಹಿಂಬಾಗಿಲಿಂದ ಒಳಬಂದಿತು ಎನ್ನಬಹುದು. ಆ ಅಳತೆಗೋಲಿಟ್ಟು ನೋಡಿದರೆ 1964ರ ಆದೇಶ ಒಂದು ಷರತ್ತನ್ನೂ ದಾಟಲಾರದು ಎಂಬುದು ನನ್ನ ಲೆಕ್ಕ.

ಹಾಗಾದರೆ ಸಮಸ್ಯೆ ಮುಗಿಯಿತೆ? ಮುಗಿದಿಲ್ಲ, ಜಾಗ ಬದಲಿಸಿದೆ. ಸಾಕ್ಷ್ಯ ಮುಚ್ಚುವ ಆದೇಶಗಳಿಗಿಂತ ಈಗ ಕಾಣುವುದು ದಾವೆ ಹೂಡಿದ ದಿನವೇ, ಎದುರು ಪಕ್ಷವನ್ನು ಕೇಳದೆಯೇ, ಸಿಟಿ ಸಿವಿಲ್ ಕೋರ್ಟುಗಳಲ್ಲಿ ಸಿಗುವ ಏಕಪಕ್ಷೀಯ ತಡೆಯಾಜ್ಞೆ. 2025ರ ಜುಲೈನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಧರ್ಮಸ್ಥಳಕ್ಕೆ ಸಂಬಂಧಿಸಿದ ಮಾನನಷ್ಟದ ದಾವೆಯೊಂದರಲ್ಲಿ 8,000ಕ್ಕೂ ಹೆಚ್ಚು ಕೊಂಡಿಗಳನ್ನು ತೆಗೆಯಲು ಹೇಳಿದ್ದು ಕನ್ನಡ ಓದುಗರಿಗೆ ನೆನಪಿರಬಹುದು. ಒಂದು ಯೂಟ್ಯೂಬ್ ವಾಹಿನಿ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ಅದರ ಮಟ್ಟಿಗೆ ಆ ಆದೇಶ ರದ್ದಾಯಿತು. ಆ ದಾವೆಯ ಒಳಗಿನ ಸತ್ಯಾಸತ್ಯ ನನ್ನ ವಿಷಯವಲ್ಲ. ಗಮನಿಸಬೇಕಾದದ್ದು ಇಷ್ಟೇ: ಅಷ್ಟು ಕೊಂಡಿಗಳಲ್ಲಿ ಯಾವುದು ಸುಳ್ಳು, ಯಾವುದು ನಿಜ, ಯಾವುದು ಬರೀ ಕೋರ್ಟ್ ವರದಿ ಎಂದು ಒಂದೇ ದಿನದಲ್ಲಿ ಬೇರ್ಪಡಿಸುವುದು ಮನುಷ್ಯಮಾತ್ರರಿಂದ ಆಗದು. ಅದಕ್ಕೂ ಹಿಂದೆ, 2024ರ ಮಾರ್ಚಿನಲ್ಲಿ, ಝೀ ಕಂಪನಿಯ ಬಗ್ಗೆ ಬ್ಲೂಮ್‌ಬರ್ಗ್ ಪ್ರಕಟಿಸಿದ ಲೇಖನವನ್ನು ತೆಗೆಯಲು ದೆಹಲಿಯಲ್ಲಿ ಹೊರಬಿದ್ದ ಇಂಥದೇ ಆದೇಶವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ಪೂರ್ಣ ವಿಚಾರಣೆಗೆ ಮೊದಲೇ ಲೇಖನ ತೆಗೆಸುವುದು ಅಸಾಧಾರಣ ಸಂದರ್ಭಕ್ಕೆ ಮೀಸಲು ಎಂಬುದು ಅದರ ಸಾರ. ಮೇಲಿನ ನ್ಯಾಯಾಲಯ ಹೇಳಿದ್ದು ಕೆಳಗೆ ತಲುಪಲು ಸಮಯ ಬೇಕು. ಅಷ್ಟರಲ್ಲಿ ಸುದ್ದಿ ಹಳಸಿರುತ್ತದೆ.

ಎಲ್ಲ ತಡೆಯೂ ಕೆಟ್ಟದ್ದು ಎನ್ನುತ್ತಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಹೆಸರು ಹಾಕಬಾರದೆಂಬ ಕಾನೂನು ಸರಿಯಾದದ್ದು. ಗಮನಿಸಿ, ಅದು ಮುಚ್ಚುವುದು ಗುರುತನ್ನು, ಪ್ರಕರಣವನ್ನಲ್ಲ. ಏನು ಮುಚ್ಚಿದೆ ಎಂಬುದು ಶಾಸನದಲ್ಲಿ ಮೊದಲೇ ಬರೆದಿದೆ, ವರದಿಗಾರನಿಗೆ ಮೊದಲೇ ಗೊತ್ತಿದೆ. 1971ರ ಕಾಯ್ದೆಯೂ ಹಾಗೆಯೇ: ನ್ಯಾಯಾಲಯದ ಕಲಾಪದ ನ್ಯಾಯಯುತ, ನಿಖರ ವರದಿ ಕಂಟೆಂಪ್ಟ್ ಅಲ್ಲ ಎಂದು ಅದರ 4ನೇ ಕಲಂ ಹೇಳುತ್ತದೆ. ಮುಚ್ಚಿದ ಬಾಗಿಲಿನ ವಿಚಾರಣೆಗೆ 7ನೇ ಕಲಮಿನಲ್ಲಿ ಬೇರೆ ನಿಯಮಗಳಿವೆ. ನ್ಯಾಯಾಲಯ ಸ್ಪಷ್ಟವಾಗಿ ನಿಷೇಧಿಸಿದ್ದರೆ ಮಾಹಿತಿ ಪ್ರಕಟಿಸಬಾರದು ಎಂಬುದು ಅವುಗಳಲ್ಲಿ ಒಂದು. ‘ಸ್ಪಷ್ಟವಾಗಿ’ ಎಂಬ ಒಂದು ಪದವನ್ನು ಮಿರಜ್ಕರ್ ನಂತರ ಓದಿದರೆ ಅದರ ತೂಕ ತಿಳಿಯುತ್ತದೆ.

ಹಾಗಾಗಿ ನಾನು ಅಸೈನ್‌ಮೆಂಟ್ ಕೊಡುವವಳಾಗಿದ್ದರೆ ಮೂರು ವ್ಯಾಖ್ಯಾನ ಕೇಳುತ್ತಿರಲಿಲ್ಲ. ನಿಜವಾದ ಒಂದು ತಡೆಯಾಜ್ಞೆಯ ಪ್ರತಿ ಕೈಗೆ ಕೊಟ್ಟು ನಾಲ್ಕು ಪ್ರಶ್ನೆ ಕೇಳುತ್ತಿದ್ದೆ. ಇದು ಬರಹದಲ್ಲಿ ಇದೆಯೇ, ಯಾರಿಗೆ ಅನ್ವಯ? ಯಾವ ದಿನದವರೆಗೆ? ಕಾರಣ ನ್ಯಾಯಕ್ಕೆ ಆಗುವ ಧಕ್ಕೆಯೇ, ಅಥವಾ ಯಾರದೋ ಮುಜುಗರವೇ? ಬಾಯಿ ಮುಚ್ಚಿಸಿಕೊಂಡವರ ಮಾತನ್ನು ಕೇಳಿ ಕೊಟ್ಟದ್ದೇ, ಕೇಳದೆಯೇ? ಈ ನಾಲ್ಕಕ್ಕೆ ಉತ್ತರ ಹುಡುಕುವಾಗ ಮಾನನಷ್ಟ ಯಾವುದು, ಕಂಟೆಂಪ್ಟ್ ಯಾವುದು, 19ನೇ ವಿಧಿಯ ಎರಡನೇ ಉಪವಿಧಿಯಲ್ಲಿ ಅವೆರಡಕ್ಕೂ ಯಾಕೆ ಜಾಗವಿದೆ ಎಂಬುದೆಲ್ಲ ತಾನಾಗಿ ಬರುತ್ತದೆ. ನಾಳೆ ಈ ವಿದ್ಯಾರ್ಥಿಗಳಲ್ಲಿ ಕೆಲವರು ಮುಂಬೈಯ ಕೋರ್ಟುಗಳಿಗೆ ವರದಿಗೆ ಹೋಗುತ್ತಾರೆ. ಸಂಪಾದಕರು ಫೋನಿನಲ್ಲಿ ‘ಇದು ಹಾಕಬಹುದಾ?’ ಎಂದು ಕೇಳಿದಾಗ ವ್ಯಾಖ್ಯಾನ ನೆರವಿಗೆ ಬರುವುದಿಲ್ಲ. ಆದೇಶದ ಪ್ರತಿ ತರಿಸಿಕೊಂಡು ಅದರ ಕೊನೆಯ ಸಾಲಿನಲ್ಲಿ ದಿನಾಂಕ ಇದೆಯೇ ಎಂದು ನೋಡುವ ಅಭ್ಯಾಸ ಬರುತ್ತದೆ.